ಅಪ್‌ಡೇಟ್: ಹಾಸನದ ಶಾಲೆಯ ಅಡ್ಮಿಷನ್ ವೆಬ್‌ಸೈಟ್ ಪ್ರಸ್ತಾವನೆ

ನನ್ನ ಪ್ರಶ್ನೆ: "ಹಾಸನದ ಒಂದು ಶಾಲೆಗೆ ಅಡ್ಮಿಷನ್ ವೆಬ್‌ಸೈಟ್ ಮಾಡಿಕೊಡುವ ಪ್ರಸ್ತಾವನೆ ಪತ್ರ ಬರೆಯುತ್ತಿದ್ದೇನೆ. ದರವನ್ನು ಒಟ್ಟಿಗೆ ಹೇಳಲೇ, ಬಿಡಿಸಿ ಹೇಳಲೇ?"

ಬಿಡಿಸಿಯೇ ಬರೆದೆ, ಶಾಲೆಯವರು ಒಪ್ಪಿದರು. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ವಿನ್ಯಾಸಕ್ಕೆ 40,000 ರೂಪಾಯಿ, ಒಂದೇ ಸಲ. ಡೊಮೇನ್, ಹೋಸ್ಟಿಂಗ್ ಖರ್ಚು ಪ್ರತಿವರ್ಷದ್ದು, ಹಾಗಾಗಿ ಬೇರೆ ಸಾಲಿನಲ್ಲಿ ಹಾಕಿದೆ. ಎರಡೂ ಶಾಲೆಯ ಹೆಸರಿನಲ್ಲೇ, ಶಾಲೆಯ ಇಮೇಲ್‌ನಲ್ಲೇ ನೋಂದಣಿ ಆಗಬೇಕು ಎಂದೂ ಬರೆದೆ. ಕಾರ್ಯದರ್ಶಿಯವರು ಮೊದಲು ಬೆರಳಿಟ್ಟಿದ್ದು ಅದೇ ಸಾಲಿನ ಮೇಲೆ. ಅವರ ಹಳೇ ಡೊಮೇನ್, ಸೈಟ್ ಮಾಡಿಕೊಟ್ಟವರ ಹೆಸರಲ್ಲಿತ್ತಂತೆ. ಆ ವ್ಯಕ್ತಿ ಫೋನ್ ಎತ್ತಲಿಲ್ಲ, ನವೀಕರಣ ತಪ್ಪಿತು, ಸೈಟ್ ನಿಂತೇ ಹೋಯಿತು.

ಜಾಸ್ತಿ ಚರ್ಚೆ ಆಗಿದ್ದು ಫಾರ್ಮ್ ಬಗ್ಗೆ. ಆಧಾರ್, ಜನನ ಪ್ರಮಾಣಪತ್ರ, ಟಿಸಿ ಎಲ್ಲ ಅಲ್ಲೇ ಅಪ್‌ಲೋಡ್ ಮಾಡಿಸೋಣ ಎಂದರು ಹೆಡ್‌ಮಿಸ್ ಮೇಡಂ. ನಾನು ಬೇಡ ಎಂದೆ. ಮಕ್ಕಳ ದಾಖಲೆ ಸರ್ವರ್‌ನಲ್ಲಿ ಸುಮ್ನೆ ಬಿದ್ದಿದ್ದರೆ, ಸೋರಿಹೋದಾಗ ಹೊಣೆ ಶಾಲೆಯದ್ದೇ. ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣೆಯ 2023ರ ಕಾಯ್ದೆಯೂ ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಮೊದಲ ವಿಚಾರಣೆಗೆ ಮಗುವಿನ ಹೆಸರು, ಹುಟ್ಟಿದ ದಿನ, ಸೇರುವ ತರಗತಿ, ಪೋಷಕರ ಮೊಬೈಲ್ ನಂಬರ್ ಸಾಕು ಅಲ್ವಾ? ದಾಖಲೆಗಳನ್ನು ಕಚೇರಿಯಲ್ಲೇ ತೋರಿಸಲಿ. ಆಲೂರು, ಬೇಲೂರು ಕಡೆಯ ಪೋಷಕರು ಮೊಬೈಲ್‌ನಲ್ಲೇ ತುಂಬುವುದು. ಫಾರ್ಮ್ ಚಿಕ್ಕದಿದ್ದರೆ ಅರ್ಧಕ್ಕೆ ಬಿಡುವುದಿಲ್ಲ. ಮೇಡಂ ಒಪ್ಪಿದರು.

ಹಣ ಅರ್ಧ ಮುಂಗಡ, ಮಾದರಿ ಪುಟ ಒಪ್ಪಿದ ಮೇಲೆ ಕಾಲು, ಸೈಟ್ ಚಾಲೂ ಆದಾಗ ಉಳಿದದ್ದು. ಫೋಟೊ, ಶುಲ್ಕದ ವಿವರ ಶಾಲೆ ಕೊಡಬೇಕಾದ ಕೊನೆಯ ದಿನವನ್ನೂ ಪತ್ರದಲ್ಲೇ ಹಾಕಿದ್ದೇನೆ. ಅದು ತಡವಾದರೆ ಚಾಲೂ ಆಗುವ ದಿನವೂ ಅಷ್ಟೇ ಮುಂದೆ ಹೋಗುತ್ತದೆ. ಮುಂಗಡ ನಿನ್ನೆ ಬಂತು.