ಸಾಲಕ್ಕೆ ಅಕ್ಕನ ಸಹಿ ಬೇಕು, ಕ್ರಯಪತ್ರದಲ್ಲಿ ಹೆಸರು ಬೇಡವಾ?

ಅಕ್ಕ ಭಾವ ಮೈಸೂರಿನಲ್ಲಿ ಫ್ಲಾಟ್ ಕೊಳ್ಳುತ್ತಿದ್ದಾರೆ. ಬೆಲೆ 80 ಲಕ್ಷ, ಅದರಲ್ಲಿ 60 ಲಕ್ಷ ಸಾಲ. ಭಾನುವಾರ ಬೆಳಿಗ್ಗೆ ಮನೆ ಗುಂಪಿಗೆ ನನ್ನ ತಮ್ಮ ಒಂದು ಫಾರ್ವರ್ಡ್ ಹಾಕಿದ. ಅಲ್ಲಿಂದ ಶುರುವಾದ ಮಾತು ಇದು. ಎಲ್ಲರ ಒಪ್ಪಿಗೆ ಕೇಳಿಯೇ ಇಲ್ಲಿ ಹಾಕಿದ್ದೇನೆ.

ತಮ್ಮ: (ಫಾರ್ವರ್ಡ್) "ಗೃಹಸಾಲಕ್ಕೆ ಹೆಂಡತಿ ಹೆಸರು ಸೇರಿಸಿ. ಬಡ್ಡಿಯ ಮೇಲೆ 2 ಲಕ್ಷದ ಬದಲು 4 ಲಕ್ಷ ತೆರಿಗೆ ವಿನಾಯಿತಿ ಪಡೆಯಿರಿ!" ಭಾವ, ನೋಡಿ.

ಭಾವ: ಹೌದು ಪುಟ್ಟ, ಹಾಗೇ ಮಾಡ್ತಾ ಇದ್ದೇವೆ. ಸಾಲದಲ್ಲಿ ಇಬ್ಬರ ಹೆಸರೂ ಇದೆ. ನನ್ನ ಸಂಬಳ ಒಂದಕ್ಕೇ ಅಷ್ಟು ಸಾಲ ಸಿಗಲ್ಲ. ಕ್ರಯಪತ್ರ ಮಾತ್ರ ನನ್ನ ಹೆಸರಿನಲ್ಲಿ. ಗುರುವಾರ ರಿಜಿಸ್ಟ್ರೇಷನ್.

ಚಿಕ್ಕಪ್ಪ: ಅಳಿಯಂದಿರೇ, ಹಾಗಾದರೆ ಆ 4 ಲಕ್ಷದ ಲೆಕ್ಕ ನಿಮಗೆ ಬರಲ್ಲ. ಬಡ್ಡಿಯ ವಿನಾಯಿತಿ ಮನೆಯ ಮಾಲೀಕರಿಗೆ. ನಮ್ಮ ಹುಡುಗಿ ಬರೀ ಸಾಲಗಾರಳಾದರೆ, ಕಂತು ಪೂರ್ತಿ ಅವಳೇ ಕಟ್ಟಿದರೂ ಒಂದು ರೂಪಾಯಿ ಕಳೆಯೋಕೆ ಆಗಲ್ಲ. ಕ್ರಯಪತ್ರದಲ್ಲೂ ಹೆಸರಿರಬೇಕು, ಸಾಲದಲ್ಲೂ ಇರಬೇಕು, ಕಂತಿನ ದುಡ್ಡೂ ಅವಳದ್ದಾಗಿರಬೇಕು.

ಅಕ್ಕ: ನಾನು ಇವರಿಗೆ ಹೇಳಿದ್ದೂ ಅದನ್ನೇ ಚಿಕ್ಕಪ್ಪ. ತೆರಿಗೆಗಲ್ಲ. ಸಾಲಕ್ಕೆ ನನ್ನ ಸಹಿ ಬೇಕು, ಮನೆಗೆ ಬೇಡ ಅಂದರೆ ಹೇಗೆ?

ಭಾವ: ಅಮ್ಮನಿಗೆ ಮನೆ ನನ್ನ ಹೆಸರಿನಲ್ಲಿರಲಿ ಅಂತ ಆಸೆ. ಮುಂದೆ ಯಾವಾಗ ಬೇಕಾದರೂ ಇವಳ ಹೆಸರು ಸೇರಿಸಬಹುದಲ್ವಾ? ಗಂಡ ಹೆಂಡತಿ ಮಧ್ಯೆ ಏನಿದೆ?

ಚಿಕ್ಕಪ್ಪ: ಆಮೇಲೆ ಸೇರಿಸೋದು ಅಂದರೆ ದಾನಪತ್ರ ಮಾಡಿ ಅದನ್ನೂ ನೋಂದಾಯಿಸಬೇಕು. ಮನೆ ಅಡಮಾನದಲ್ಲಿ ಇರುತ್ತೆ, ಆದ್ದರಿಂದ ಬ್ಯಾಂಕಿನ ಒಪ್ಪಿಗೆಯೂ ಬೇಕು. ನಾನು ಸಾಲದ ವಿಭಾಗದಲ್ಲಿ ಕೂತು ನೋಡಿದ್ದೇನೆ. "ಮುಂದೆ ಸೇರಿಸ್ತೀವಿ" ಅಂದವರಲ್ಲಿ ವಾಪಸ್ ಬಂದವರು ತೀರಾ ಕಡಿಮೆ. ಮಾಲೀಕರೆಲ್ಲ ಸಾಲಕ್ಕೆ ಸಹಿ ಹಾಕಲೇಬೇಕು ಅಂತ ಬ್ಯಾಂಕ್ ಕೇಳುತ್ತೆ. ಸಾಲಕ್ಕೆ ಸಹಿ ಹಾಕಿದವರೆಲ್ಲ ಮಾಲೀಕರಾಗಬೇಕು ಅಂತ ಅದು ಕೇಳಲ್ಲ. ಅದನ್ನು ನಾವೇ ಕೇಳಿಕೊಳ್ಳಬೇಕು.

ತಮ್ಮ: ಆದರೂ ಸಾಲ ಅರ್ಧ ಅರ್ಧ ತಾನೇ? ಅಕ್ಕನದ್ದು 30 ಲಕ್ಷ.

ಚಿಕ್ಕಪ್ಪ: ಅಲ್ಲಪ್ಪ, ಎಲ್ಲರೂ ತಪ್ಪೋದು ಇಲ್ಲೇ. ಇಬ್ಬರೂ ಸೇರಿ ತೆಗೆದ ಸಾಲದಲ್ಲಿ ಪ್ರತಿಯೊಬ್ಬರೂ ಪೂರ್ತಿ 60 ಲಕ್ಷಕ್ಕೆ ಹೊಣೆ. 8.5% ಬಡ್ಡಿ, 20 ವರ್ಷ ಅಂದರೆ ಕಂತು ಸುಮಾರು 52 ಸಾವಿರ. ಭಾವನ ಕೆಲಸ ಹೋಯಿತು ಅಂದುಕೊಳ್ಳಿ. ಬ್ಯಾಂಕ್ ನಿಮ್ಮಕ್ಕನ ಹತ್ತಿರ 26 ಸಾವಿರ ಕೇಳಲ್ಲ, 52 ಸಾವಿರವನ್ನೂ ಕೇಳುತ್ತೆ. ಕಂತು ತಪ್ಪಿದರೆ ಇಬ್ಬರ ಸಿಬಿಲ್‌ ಕೆಡುತ್ತೆ. ನಾಳೆ ಅವಳೇ ಬೇರೆ ಸಾಲಕ್ಕೆ ಹೋದರೂ ಈ ಸಾಲ ಅವಳ ಹೆಸರಿನಲ್ಲಿ ಪೂರ್ತಿಯಾಗಿಯೇ ಕಾಣುತ್ತೆ. ಮನೆ ಯಾರ ಹೆಸರಿನಲ್ಲಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಾನು: ಭಾವ, ತೆರಿಗೆ ವಿಷಯ ಬಂದಿದ್ದಕ್ಕೆ ಕೇಳ್ತೀನಿ. ನೀವಿಬ್ಬರೂ ಈಗ ಹಳೆ ಪದ್ಧತಿಯಲ್ಲಿದ್ದೀರಾ, ಹೊಸದರಲ್ಲಾ? ನಾವೇ ವಾಸ ಮಾಡೋ ಮನೆಯ ಸಾಲದ ಬಡ್ಡಿಗೆ ಹೊಸ ಪದ್ಧತಿಯಲ್ಲಿ ವಿನಾಯಿತಿಯೇ ಇಲ್ಲ.

ಭಾವ: ಇಬ್ಬರೂ ಹೊಸದು. ಈ ಮನೆಗೋಸ್ಕರ ಹಳೆಯದಕ್ಕೆ ಹೋಗೋಣ ಅಂತಿದ್ದೆ.

ನಾನು: ಸ್ವಲ್ಪ ಇರಿ, ಲೆಕ್ಕ ಮಾಡ್ತೀನಿ.

ಅಕ್ಕನ ಸಂಬಳ 11 ಲಕ್ಷ. 2025ರ ಬಜೆಟ್ ನಂತರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಸೊನ್ನೆ. ಅವಳು ಈಗಲೇ ಏನೂ ಕಟ್ಟಬೇಕಾಗಿಲ್ಲ. ಇನ್ನು ವಿನಾಯಿತಿ ತಗೊಂಡು ಉಳಿಸೋದೇನು?

ನಿಮ್ಮದು 19 ಲಕ್ಷ. ಹಳೆ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರ, ಪಿಎಫ್ ಮತ್ತು ಸಾಲದ ಅಸಲು ಸೇರಿ 1.5 ಲಕ್ಷ, ಬಡ್ಡಿ 2 ಲಕ್ಷ ಕಳೆದರೆ ಉಳಿಯೋದು 15 ಲಕ್ಷ. ಅದರ ಮೇಲೆ ತೆರಿಗೆ 2,62,500. ಹೊಸದರಲ್ಲಿ 75 ಸಾವಿರ ಮಾತ್ರ ಕಳೆದು 18.25 ಲಕ್ಷ. ತೆರಿಗೆ 1,65,000. ಎರಡಕ್ಕೂ ಸೆಸ್ ಬೇರೆ. ಮನೆ ಸಾಲದ ವಿನಾಯಿತಿ ತಗೊಂಡರೂ ಹಳೆಯದರಲ್ಲಿ ನೀವು ಸುಮಾರು ಒಂದು ಲಕ್ಷ ಜಾಸ್ತಿ ಕಟ್ತೀರಿ.

ತಮ್ಮ: ಅಂದರೆ ನಾನು ಹಾಕಿದ ಫಾರ್ವರ್ಡ್ ಇವರಿಗೆ ಉಪಯೋಗವೇ ಇಲ್ಲ!

ಚಿಕ್ಕಪ್ಪ: ಇವರ ಮಟ್ಟಿಗೆ ಇಲ್ಲ. ಮಾಲೀಕರಿಬ್ಬರೂ ಹಳೆ ಪದ್ಧತಿಯಲ್ಲಿದ್ದು, ಇಬ್ಬರಿಗೂ ಹಳೆಯದೇ ಲಾಭ ಅನ್ನೋ ಮನೆಯಲ್ಲಿ ಅದು ನಿಜ. ಅಲ್ಲೂ ಯಾರ ಪಾಲು ಎಷ್ಟೋ ಅಷ್ಟಕ್ಕೆ ಮಾತ್ರ.

ಭಾವ: ಸರಿ, ತೆರಿಗೆಗಾಗಿ ಇವಳ ಹೆಸರು ಹಾಕೋ ಅಗತ್ಯ ಇಲ್ಲ ಅಂತಾಯಿತು. ಹಾಗಾದರೆ ಇಬ್ಬರ ಹೆಸರು ಯಾಕೆ? ಮುಂದೆ ಮಾರೋಕೆ ಸುಮ್ನೆ ತೊಂದರೆ ಅಲ್ವಾ?

ಅಕ್ಕ: ತೊಂದರೆ ಅಂದರೆ ನನ್ನ ಸಹಿ ಇಲ್ಲದೆ ಮಾರೋಕೆ ಆಗಲ್ಲ ಅನ್ನೋದು. ನನಗೆ ಬೇಕಾಗಿರೋದೂ ಅದೇ. 20 ವರ್ಷ ಕಂತು ಕಟ್ಟಿದ ಮನೆಯನ್ನು ನನ್ನನ್ನು ಕೇಳಿ ಮಾರಿ. ನಿಮ್ಮನ್ನು ಕೇಳದೆ ನಾನೂ ಮಾರೋಕೆ ಆಗಲ್ಲ.

ಚಿಕ್ಕಪ್ಪ: ಕಾನೂನಿನಲ್ಲಿ ಒಬ್ಬರು ತಮ್ಮ ಪಾಲನ್ನಷ್ಟೇ ಮಾರಬಹುದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಅರ್ಧ ಫ್ಲಾಟ್ ಯಾರು ಕೊಳ್ತಾರೆ? ಜಗಳವೇ ಆದರೆ ವಿಭಾಗದ ದಾವೆ ಹಾಕಬೇಕು. ಫ್ಲಾಟ್ ಎರಡು ಭಾಗ ಮಾಡೋಕೆ ಆಗಲ್ಲ ಅಂದಾಗ ಕೋರ್ಟು ಮಾರಿಸಿ ದುಡ್ಡು ಹಂಚಬಹುದು. ಸ್ನೇಹಿತರಿಬ್ಬರು ಸೇರಿ ಕೊಂಡರೂ ಇದೇ ಕಥೆ. ಅದಕ್ಕೇ ಒಬ್ಬರಿಗೆ ಬೇಡವಾದಾಗ ಇನ್ನೊಬ್ಬರು ಯಾವ ಬೆಲೆಗೆ ಕೊಳ್ಳಬೇಕು ಅಂತ ಮೊದಲೇ ಬರೆದಿಡಬೇಕು.

ಹಾಸನ ಅತ್ತೆ: ಎಲ್ಲ ಓದ್ತಾ ಇದ್ದೆ. ನಾನೊಂದು ಹೇಳ್ತೀನಿ, ಬೇಸರ ಮಾಡ್ಕೋಬೇಡಿ. ನಿಮ್ಮ ಮಾವ ಹೋದಾಗ ಮನೆ ಇಬ್ಬರ ಹೆಸರಿನಲ್ಲಿತ್ತು. ಇನ್ನು ಪೂರ್ತಿ ನನ್ನದೇ ಅಂದುಕೊಂಡಿದ್ದೆ. ಅವರ ಅರ್ಧ ನಾಲ್ಕು ಪಾಲಾಯಿತು. ನನಗೊಂದು, ಮಕ್ಕಳಿಬ್ಬರಿಗೆ ಎರಡು, ನಮ್ಮ ಅತ್ತೆಗೆ ಒಂದು. ಮಾರೋಕೆ ಹೊರಟಾಗ ಅತ್ತೆಯವರ ಸಹಿ ಬೇಕಾಯಿತು. ಚಿಕ್ಕವನಿಗೆ ಆಗ 15 ವರ್ಷ. ಅವನ ಪಾಲು ಮಾರೋಕೆ ಕೋರ್ಟಿನ ಅನುಮತಿ ತರಬೇಕಾಯಿತು. ಬಂದಿದ್ದ ಗಿರಾಕಿ ಕಾಯಲಿಲ್ಲ.

ಭಾವ: ಇದು ಗೊತ್ತಿರಲಿಲ್ಲ ಅತ್ತೆ. ಇಬ್ಬರ ಹೆಸರಿದ್ದರೆ ಉಳಿದವರಿಗೆ ತಾನಾಗೇ ಹೋಗುತ್ತೆ ಅಂದುಕೊಂಡಿದ್ದೆ.

ಚಿಕ್ಕಪ್ಪ: ಹೋಗಲ್ಲ. ಉಯಿಲು ಇಲ್ಲದಿದ್ದರೆ ಹಿಂದೂ ಗಂಡಸಿನ ಪಾಲು ತಾಯಿ, ಹೆಂಡತಿ, ಮಕ್ಕಳಿಗೆ ಸಮನಾಗಿ. ಈಗ ನಿಮ್ಮ ಕರಡನ್ನೇ ನೋಡಿ ಅಳಿಯಂದಿರೇ. ಮನೆ ನಿಮ್ಮೊಬ್ಬರ ಹೆಸರಿನಲ್ಲಿ. ನಿಮಗೊಬ್ಬಳು ಮಗಳು. ಏನಾದರೂ ಆದರೆ ನಮ್ಮ ಹುಡುಗಿಗೆ ಮನೆಯಲ್ಲಿ ಸಿಗೋದು ಮೂರರಲ್ಲಿ ಒಂದು ಪಾಲು. ಬ್ಯಾಂಕಿಗೆ ಕೊಡಬೇಕಾದದ್ದು ಪೂರ್ತಿ ಬಾಕಿ.

ಸ್ವಲ್ಪ ಹೊತ್ತು ಯಾರೂ ಏನೂ ಹಾಕಲಿಲ್ಲ. "ಟೈಪಿಂಗ್" ಅಂತ ಭಾವನ ಹೆಸರು ಬಂದು ಹೋಗ್ತಾ ಇತ್ತು.

ಭಾವ: ನಾನು ಇದನ್ನು ಹೀಗೆ ಯೋಚಿಸಿಯೇ ಇರಲಿಲ್ಲ. ಅಮ್ಮನ ಜೊತೆ ನಾನೇ ಮಾತಾಡ್ತೀನಿ. ಮಾವ, ವಕೀಲರಿಗೆ ಏನು ಹೇಳಲಿ?

ಚಿಕ್ಕಪ್ಪ: ಖರೀದಿದಾರರು ಇಬ್ಬರು ಅಂತ ಬದಲಿಸಲಿ. ಪಾಲು ಎಷ್ಟು ಅಂತ ಸ್ಪಷ್ಟವಾಗಿ ಬರೆಸಿ. ಬರೆಯದಿದ್ದರೆ ಯಾರು ಎಷ್ಟು ದುಡ್ಡು ಹಾಕಿದರು ಅನ್ನೋದರ ಮೇಲೆ ಮುಂದೆ ವಾದ ಆಗುತ್ತೆ. 20 ಲಕ್ಷ ಮುಂಗಡದಲ್ಲಿ ಅವಳದ್ದು ಎಷ್ಟೋ ಅದು ಅವಳ ಖಾತೆಯಿಂದಲೇ ಮಾರುವವರಿಗೆ ಹೋಗಲಿ. ಬ್ಯಾಂಕಿಗೂ ನಾಳೆಯೇ ತಿಳಿಸಿ, ಅವರ ವಕೀಲರು ಹೊಸ ಕರಡು ನೋಡಬೇಕು. ಸಾಲಕ್ಕೆ ವಿಮೆ ಮಾಡಿಸೋದಾದರೆ ಇಬ್ಬರ ಮೇಲೂ ಮಾಡಿಸಿ. ಒಬ್ಬರ ಮೇಲೆ ಮಾತ್ರ ಇದ್ದು ಇನ್ನೊಬ್ಬರು ಹೋದರೆ ಅದರಿಂದ ಏನೂ ಬರಲ್ಲ.

ಹಾಸನ ಅತ್ತೆ: ಉಯಿಲು?

ಅಕ್ಕ: ಬರೆಸ್ತೀವಿ ಅತ್ತೆ. ಇಬ್ಬರೂ.

ಭಾವ: ಪಾಲು ಅರ್ಧ ಅರ್ಧ ಅಂತಲೇ ಬರೆಸ್ತೀನಿ. ಗುರುವಾರ ಆಗದಿದ್ದರೆ ರಿಜಿಸ್ಟ್ರೇಷನ್ ಮುಂದಿನ ವಾರ ಇಟ್ಟುಕೊಳ್ಳೋಣ.

ಚಿಕ್ಕಪ್ಪ: ಹೊಸ ಕರಡು ಬಂದ ಮೇಲೆ ಇಲ್ಲಿ ಹಾಕಬೇಡಿ, ನನಗೊಬ್ಬನಿಗೆ ಕಳಿಸಿ. ಅದರಲ್ಲಿ ನಿಮ್ಮ ಆಧಾರ್, ಪ್ಯಾನ್ ಎಲ್ಲ ಇರುತ್ತೆ.