ಅಪ್‌ಡೇಟ್: ರಾತ್ರಿಯ ಕ್ರಾನ್ ಜಾಬ್ ಓಡಿತ್ತಾ, ಇಲ್ವಾ?

ನಾನು ಕೇಳಿದ್ದು: "ಪುಣೆಯ ನಮ್ಮ ಗೋದಾಮಿನ ಸ್ಟಾಕ್ ತಾಳೆ ನೋಡುವ ಸ್ಕ್ರಿಪ್ಟ್, ವ್ಯತ್ಯಾಸ ಸಿಕ್ಕರೆ ಮಾತ್ರ ಮೇಲ್ ಕಳಿಸುತ್ತದೆ. ಮೇಲ್ ಬಂದಿಲ್ಲ. ಎಲ್ಲ ಸರಿ ಇದೆಯಾ, ಅಥವಾ ಅದು ಓಡಲೇ ಇಲ್ಲವಾ?"

ಓಡಿರಲೇ ಇಲ್ಲ. ಉತ್ತರ ಕೊಟ್ಟವರು ಸಿಸ್‌ಲಾಗ್‌ನಲ್ಲಿ `CMD` ಸಾಲು ಇದೆಯಾ ನೋಡಿ ಅಂದಿದ್ದರು. ದಿನಾ ಇತ್ತು, ಅದರಿಂದ ಏನೂ ತಿಳಿಯಲಿಲ್ಲ. ಆಮೇಲೆ ಕಣ್ಣಿಗೆ ಬಿತ್ತು: ಆ ಸಾಲು `$(date +` ಅನ್ನುವಲ್ಲೇ ತುಂಡಾಗಿತ್ತು. ಕ್ರಾನ್‌ಟ್ಯಾಬ್‌ನಲ್ಲಿ ಹಿಂದೆ `\` ಇಲ್ಲದ `%` ಬಂದರೆ ಕಮಾಂಡ್ ಅಲ್ಲಿಗೇ ಮುಗಿಯುತ್ತದೆ! ಹೀಗೆ ಬರೆದ ಮೇಲೆ ಓಡಿತು:

```
>> /var/log/stock-$(date +\%F).log
```

ಜಾಸ್ತಿ ಉಪಯೋಗಕ್ಕೆ ಬಂದದ್ದು ಹುಬ್ಬಳ್ಳಿಯ ಅಕ್ಕ ಹೇಳಿದ್ದು. ಈಗ ಏನೂ ಸಿಗದಿದ್ದರೂ ಸ್ಕ್ರಿಪ್ಟ್ ಕೊನೆಯಲ್ಲಿ ಎಷ್ಟು ಐಟಂ ನೋಡಿದೆ, ಎಷ್ಟು ವ್ಯತ್ಯಾಸ ಅಂತ ಒಂದು ಫೈಲ್‌ಗೆ ಬರೆಯುತ್ತದೆ. ನೋಡಿದ ಐಟಂ 0 ಇದ್ದರೆ ಅದೂ ಗಡಬಡವೇ, ಅಲ್ವಾ? ಫೈಲ್ 26 ಗಂಟೆಗಿಂತ ಹಳೆಯದಾದರೆ ಬೇರೆ ಮಷೀನ್‌ನಿಂದ ನಮಗೆ ಮೆಸೇಜ್ ಬರುತ್ತದೆ.