ಇನ್‌ವಾಯ್ಸ್ ಎಲ್‌ಸಿಗೆ ‘ತಾಳೆಯಾಗಿಲ್ಲ’ ಎನ್ನಬಹುದೇ?

ಮಾನ್ಯರೆ,

ಗಂಗಾವತಿಯ ಅಕ್ಕಿ ಗಿರಣಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಕಾಗದಪತ್ರ ಸರಿಯಿದ್ದರೆ ಹಣ ಕೊಡುತ್ತೇವೆ ಎಂದು ಖರೀದಿದಾರರ ಬ್ಯಾಂಕು ಬರೆದುಕೊಡುವ ಭರವಸೆ ಪತ್ರವಾದ ಎಲ್‌ಸಿ ಮೇಲೆ ದುಬೈಗೆ ಕಳಿಸಿದ ಸರಕಿನ ಕಾಗದಪತ್ರಗಳನ್ನು ಅಲ್ಲಿನ ಬ್ಯಾಂಕು ತಿರಸ್ಕರಿಸಿದ್ದು, ಇನ್‌ವಾಯ್ಸ್‌ನಲ್ಲಿರುವ ಸರಕಿನ ವಿವರಣೆ ಎಲ್‌ಸಿಗೆ ‘ಕರೆಸ್ಪಾಂಡ್’ ಆಗುವುದಿಲ್ಲ ಎಂಬ ಕಾರಣ ಕೊಟ್ಟಿದೆ. ಪಾಲುದಾರರಿಗೆ ನಾನು ಇದನ್ನು ‘ತಾಳೆಯಾಗಿಲ್ಲ’ ಎಂದು ಬರೆದುಕೊಟ್ಟಾಗ, ‘ತೂಕ ತಾಳೆಯಾಗಿದೆ, ದರ ತಾಳೆಯಾಗಿದೆ, ಇನ್ನೇನು ತಾಳೆಯಾಗಬೇಕಿತ್ತು?’ ಎಂದು ಹಿರಿಯರೊಬ್ಬರು ಕೇಳಿದರು.

ಎಲ್‌ಸಿಯಲ್ಲಿ ‘ಇಂಡಿಯನ್ ಸೋನಾ ಮಸೂರಿ ರಾ ರೈಸ್, 5 ಪರ್ಸೆಂಟ್ ಬ್ರೋಕನ್, ಸಿಐಎಫ್ ಜೆಬೆಲ್ ಅಲಿ, ಇನ್‌ಕೋಟರ್ಮ್ಸ್ 2020’ ಎಂದಿದೆ. ನಮ್ಮ ಇನ್‌ವಾಯ್ಸ್‌ನಲ್ಲಿ ‘ಸೋನಾ ಮಸೂರಿ ರೈಸ್, ಸಿಐಎಫ್ ಜೆಬೆಲ್ ಅಲಿ’ ಎಂದಷ್ಟೇ ಇದೆ. ಸರಕು ಹೇರಿದ್ದಕ್ಕೆ ಹಡಗಿನವರು ಕೊಡುವ ರಸೀದಿಯಾದ ಬಿ.ಎಲ್.ನಲ್ಲಂತೂ ಬರೀ ‘ರೈಸ್’ ಎಂದಿದ್ದರೂ ಬ್ಯಾಂಕು ಅದಕ್ಕೆ ತಕರಾರು ಎತ್ತಿಲ್ಲ. ಹಾಗಾದರೆ ಇಲ್ಲಿ ಯಾವ ಪದ ಸರಿ?

*

ಕಂಪ್ಲಿಯಿಂದ ಒಬ್ಬ ವರ್ತಕರು:

ನಮಗೂ ಇದೇ ತೊಂದರೆಯಾಗಿತ್ತು. ಇ-ವೇ ಬಿಲ್ಲಿನಲ್ಲಿ ಒಂದು ಲಾರಿ ನಂಬರು, ಇನ್‌ವಾಯ್ಸ್‌ನಲ್ಲಿ ಇನ್ನೊಂದು ನಂಬರು ಇದ್ದುದರಿಂದ ಗಾಡಿಯನ್ನು ದಾರಿಯಲ್ಲೇ ತಡೆದರು. ನಾವು ಅದಕ್ಕೆ ‘ಮಿಸ್‌ಮ್ಯಾಚ್’ ಎನ್ನುತ್ತೇವೆ. ನೀವೂ ಅದನ್ನೇ ಬರೆಯಿರಿ.

*

ರಾಯಚೂರಿನಿಂದ ಹತ್ತಿ ರಫ್ತಿನ ಕಚೇರಿಯವರು:

ಅದು ತೆರಿಗೆಯವರ ತಪಾಸಣೆ, ಇದು ಬ್ಯಾಂಕಿನದು. ಎರಡನ್ನೂ ಬೆರೆಸುವುದು ಬೇಡ. ನನ್ನ ಅಭಿಪ್ರಾಯದಲ್ಲಿ ಇನ್‌ವಾಯ್ಸ್ ಎಲ್‌ಸಿಯ ಅಕ್ಷರಶಃ ನಕಲಾಗಿರಬೇಕು, ಆದ್ದರಿಂದ ‘ತದ್ರೂಪ’ ಎಂಬ ಪದವೇ ಸರಿ. ತೂಕದಲ್ಲಿ ಮಾತ್ರ ಶೇಕಡಾ 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ, ಅದಕ್ಕೆ ತಕ್ಕಂತೆ ಹಣವೂ ಹೆಚ್ಚು ಬರುತ್ತದೆ.

*

ಬಳ್ಳಾರಿಯಿಂದ, ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿದ್ದು ನಿವೃತ್ತರಾದವರು:

‘ತದ್ರೂಪ’ ಎಂದರೆ ಅತಿಯಾಯಿತು, ‘ತಾಳೆ’ ಎಂದರೆ ಸಡಿಲವಾಯಿತು. ಎಲ್‌ಸಿ ವ್ಯವಹಾರದಲ್ಲಿ ಬ್ಯಾಂಕುಗಳು ಅನುಸರಿಸುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಗಳಲ್ಲಿ ಇದಕ್ಕೆ ಎರಡು ಅಳತೆಗಳಿವೆ. 18ನೇ ವಿಧಿಯ ಪ್ರಕಾರ ಇನ್‌ವಾಯ್ಸ್‌ನ ವಿವರಣೆ ಎಲ್‌ಸಿಯ ವಿವರಣೆಗೆ ಅನುಗುಣವಾಗಿರಬೇಕು. ಮಿಕ್ಕ ಕಾಗದಗಳಲ್ಲಿ ಸರಕನ್ನು ಸಾಮಾನ್ಯ ಹೆಸರಿನಿಂದ ಕರೆದರೂ ಸಾಕು, ಅದು ಎಲ್‌ಸಿಗೆ ವಿರುದ್ಧವಾಗಿರಬಾರದು ಎಂದು 14ನೇ ವಿಧಿ ಹೇಳುತ್ತದೆ. ‘ರೈಸ್’ ಎಂದಷ್ಟೇ ಇದ್ದ ಬಿ.ಎಲ್. ಪಾಸಾಗಿ, ಅದಕ್ಕಿಂತ ಹೆಚ್ಚು ವಿವರವಿದ್ದ ಇನ್‌ವಾಯ್ಸ್ ಬಿದ್ದುಹೋದದ್ದು ಇದೇ ಕಾರಣಕ್ಕೆ. ಬ್ಯಾಂಕು ಅಕ್ಕಿಯನ್ನು ನೋಡುವುದಿಲ್ಲ, ಕಾಗದವನ್ನು ಮಾತ್ರ ನೋಡುತ್ತದೆ. ‘ರಾ’ ಎಂಬ ಪದವಿಲ್ಲದಿದ್ದರೆ ಅದು ಸ್ಟೀಮ್ ಅಕ್ಕಿಯಲ್ಲ ಎಂದು ಅವರಿಗೆ ತಿಳಿಯುವ ದಾರಿಯೇ ಇಲ್ಲ, ನುಚ್ಚಿನ ಪ್ರಮಾಣದ ಮಾತೂ ಅಷ್ಟೇ. ಬೆಲೆಯಲ್ಲಿ ವಿಮೆ ಮತ್ತು ಹಡಗಿನ ಬಾಡಿಗೆಯೂ ಸೇರಿದೆ ಎನ್ನುವ ಸಿಐಎಫ್ ಷರತ್ತು ವಿವರಣೆಯ ಭಾಗವಾಗಿ ಬಂದಿರುವುದರಿಂದ, ಅದು ಯಾವ ನಿಯಮಾವಳಿಯದು ಎಂದು ಹೇಳುವ ‘ಇನ್‌ಕೋಟರ್ಮ್ಸ್ 2020’ ಎಂಬುದನ್ನೂ ಬಿಡುವಂತಿಲ್ಲ. ಆದರೆ ಸಾಲುಗಳ ಕ್ರಮ ಬದಲಾದರೆ ಅಥವಾ ವಿವರಗಳು ಇನ್‌ವಾಯ್ಸ್‌ನಲ್ಲಿ ಎರಡು ಕಡೆ ಹಂಚಿಹೋದರೆ ದೋಷವಲ್ಲ. ಎಲ್ಲವನ್ನೂ ಕೂಡಿಸಿ ಓದಿದಾಗ ಅದೇ ಸರಕು ಎಂದು ಕಾಣಬೇಕು, ಅಷ್ಟೆ.

ರಾಯಚೂರಿನವರು ಹೇಳಿದ ಶೇಕಡಾ 5ರ ಮಾತು ಅರ್ಧ ನಿಜ. ಎಲ್‌ಸಿಯಲ್ಲಿ 100 ಟನ್, ಟನ್ನಿಗೆ 700 ಡಾಲರ್, ಒಟ್ಟು 70,000 ಡಾಲರ್ ಎಂದಿದೆ ಎಂದುಕೊಳ್ಳೋಣ. 102 ಟನ್ ಕಳಿಸಿದರೆ ತೂಕಕ್ಕೆ ಆಕ್ಷೇಪ ಬರುವುದಿಲ್ಲ, ಆದರೆ 71,400 ಡಾಲರ್ ಕೇಳುವಂತಿಲ್ಲ. ಬಿಲ್ಲನ್ನು 70,000ಕ್ಕೇ ಮಾಡಬೇಕು. ಎಲ್‌ಸಿಯಲ್ಲಿ ಪ್ರಮಾಣವನ್ನು ‘25 ಕಿಲೋದ 4,000 ಚೀಲ’ ಎಂದು ಚೀಲದ ಲೆಕ್ಕದಲ್ಲಿ ಕೊಟ್ಟಿದ್ದರೆ ಈ ಸಡಿಲಿಕೆ ಸಿಗುವುದೇ ಇಲ್ಲ.

ಪಾಲುದಾರರಿಗೆ ‘ಇನ್‌ವಾಯ್ಸ್‌ನ ವಿವರಣೆ ಎಲ್‌ಸಿಗೆ ಅನುಗುಣವಾಗಿಲ್ಲ’ ಎಂದು ಬರೆದು, ಬಿಟ್ಟುಹೋದ ಪದಗಳನ್ನೆಲ್ಲ ಕೆಳಗೆ ತೋರಿಸಿರಿ. ಅದಕ್ಕಿಂತ ಮೊದಲು, ಎಲ್‌ಸಿಯ ಗಡುವು ಮತ್ತು ಹಡಗಿಗೆ ಹೇರಿದ ಮೇಲಿನ 21 ದಿನ ಇನ್ನೂ ಮುಗಿದಿಲ್ಲವಾದರೆ, ಇನ್‌ವಾಯ್ಸ್ ತಿದ್ದಿ ಮತ್ತೆ ಸಲ್ಲಿಸಿರಿ. ಮುಗಿದಿದ್ದರೆ ಖರೀದಿದಾರರ ಒಪ್ಪಿಗೆಗೆ ಕಾಯದೆ ಬೇರೆ ದಾರಿಯಿಲ್ಲ, ಮಾರುಕಟ್ಟೆಯಲ್ಲಿ ದರ ಇಳಿದಿದ್ದರೆ ಅವರು ರಿಯಾಯಿತಿ ಕೇಳದೆ ಒಪ್ಪುವುದು ಅಪರೂಪ.

*

ಗಂಗಾವತಿಯಿಂದ, ಪ್ರಶ್ನೆ ಕೇಳಿದವರು:

ಧನ್ಯವಾದಗಳು ಸರ್. ಗಡುವಿಗೆ ಇನ್ನೂ ಸಮಯವಿರುವುದರಿಂದ ಹೊಸ ಇನ್‌ವಾಯ್ಸ್ ಮಾಡಿಸುತ್ತಿದ್ದೇನೆ. ಒಂದು ಸಂದೇಹ ಉಳಿದಿದೆ. ಎಲ್‌ಸಿಯಲ್ಲಿ ಇಂಗ್ಲಿಷಿನ ‘ಮಸೂರಿ’ಗೆ ಎರಡು ‘ಓ’ ಹಾಕಿದ್ದಾರೆ, ನಮ್ಮ ಚೀಲದ ಮೇಲೆಯೂ ಪ್ಯಾಕಿಂಗ್ ಲಿಸ್ಟ್‌ನಲ್ಲಿಯೂ ಒಂದು ‘ಯು’ ಇದೆ. ಇದೂ ದೋಷವಾಗುತ್ತದೆಯೇ?

*

ಬಳ್ಳಾರಿಯವರು:

ಅರ್ಥ ಕೆಡಿಸದ ಅಕ್ಷರದೋಷ ದೋಷವಲ್ಲ ಎಂಬುದು ಬ್ಯಾಂಕುಗಳು ಒಪ್ಪಿದ ಪದ್ಧತಿ. ಹಾಗಿದ್ದರೂ ಇನ್‌ವಾಯ್ಸ್‌ನಲ್ಲಿ ಎರಡು ‘ಓ’ಗಳನ್ನೇ ಹಾಕಿಸಿರಿ.

*

ರಾಯಚೂರಿನವರು:

ನಾನು ಇದನ್ನು ಒಪ್ಪುವುದಿಲ್ಲ. ಮಸೂರಿ ತಳಿಯ ಹೆಸರಾದ್ದರಿಂದ ಅದನ್ನು ಅಕ್ಷರದೋಷ ಎನ್ನುವುದು ಹೇಗೆ? ಬೇರೆ ತಳಿ ಎಂದು ಅಲ್ಲಿನ ಗುಮಾಸ್ತ ಹಟ ಹಿಡಿದರೆ ಅದೂ ‘ಅನುಗುಣವಾಗಿಲ್ಲ’ ಎಂದೇ ಬರುತ್ತದೆ. ಪ್ಯಾಕಿಂಗ್ ಲಿಸ್ಟನ್ನೂ ತಿದ್ದಿಸುವುದು ಒಳ್ಳೆಯದು.